ಅಂಗಡಿಯೂ ಮನೆಯೂ ಒಂದೇ ಕಟ್ಟಡ: ಸ್ಮಾರ್ಟ್ ಲಾಕ್ ಇಟ್ಟುಕೊಳ್ಳಬಹುದೇ?

"ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಸೀರೆ ಅಂಗಡಿ, ಮೇಲ್ಗಡೆ ಮನೆ. ದಿನಕ್ಕೆ ನೂರು ಸಲ ಪ್ಯಾಟರ್ನ್ ಎಳೆಯೋದು ಬೇಜಾರು ಅಂತ ಮಗ ಫೋನಿಗೆ ಸ್ಮಾರ್ಟ್ ಲಾಕ್ ಹಾಕಿಕೊಟ್ಟಿದ್ದಾನೆ. ಮನೆ ಟ್ರಸ್ಟೆಡ್ ಪ್ಲೇಸ್ ಅಂತೆ, ನನ್ನ ಕುತ್ತಿಗೇಲಿ ಇರೋ ಬ್ಲೂಟೂತ್ ನೆಕ್‌ಬ್ಯಾಂಡ್ ಟ್ರಸ್ಟೆಡ್ ಡಿವೈಸ್ ಅಂತೆ. ಹೋದ ವಾರ ಪಕ್ಕದ ಅಂಗಡಿಯವರ ಫೋನ್ ಗಲ್ಲಾ ಮೇಲಿಂದಲೇ ಮಾಯ ಆಯ್ತು. ಮೊಬೈಲ್ ರಿಪೇರಿಯವರು 'ಆ ಸ್ಮಾರ್ಟ್ ಲಾಕ್ ಮೊದಲು ತೆಗೀರಿ, ಬ್ಯಾಂಕ್ ಖಾತೆ ಖಾಲಿ ಆಗುತ್ತೆ' ಅಂತಾರೆ. ಮಗ 'ಫೋನ್ ಅಂಗಡಿ ದಾಟಿದ ಕೂಡಲೇ ಲಾಕ್ ಆಗುತ್ತೆ, ನೀನು ಹೆದರಬೇಡ' ಅಂತಾನೆ. ಯಾರ ಮಾತು ಕೇಳಲಿ?"

ಅಮ್ಮ, ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಸ್ಮಾರ್ಟ್ ಲಾಕ್ ಇದ್ದ ಮಾತ್ರಕ್ಕೆ ಬ್ಯಾಂಕ್ ಖಾತೆ ತಾನಾಗಿ ತೆರೆದುಕೊಳ್ಳುವುದಿಲ್ಲ. ಆದರೆ ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಫೋನ್ ಲಾಕ್ ಆಗುತ್ತದೆ ಎಂಬುದೂ ಸರಿಯಲ್ಲ. ನಿಮ್ಮಂಥ ಕಟ್ಟಡದಲ್ಲಿ, ಜನ ಬಂದು ಹೋಗುವ ಜಾಗದಲ್ಲಿ, ನಾನು ಟ್ರಸ್ಟೆಡ್ ಪ್ಲೇಸ್, ಟ್ರಸ್ಟೆಡ್ ಡಿವೈಸ್ ಎರಡನ್ನೂ ತೆಗೆಸುತ್ತೇನೆ. ಯಾಕೆ ಎಂದು ಹೇಳುತ್ತೇನೆ. ಕಾರಣ ತಿಳಿದರೆ ಮಗನ ಜೊತೆ ಜಗಳವೂ ಆಗುವುದಿಲ್ಲ.

ಸ್ಮಾರ್ಟ್ ಲಾಕ್ 2014ರಲ್ಲಿ ಆಂಡ್ರಾಯ್ಡ್ 5.0 ಜೊತೆಗೆ ಬಂದದ್ದು. ಈಗಿನ ಫೋನ್‌ಗಳಲ್ಲಿ ಅದರ ಹೆಸರು Extend Unlock ಎಂದಾಗಿದೆ, ಹಳೆಯ ಹೆಸರೇ ಬಾಯಲ್ಲಿ ಉಳಿದಿದೆ. ಹೊಸ ಹೆಸರಿನಲ್ಲಿ ಕೆಲಸದ ರೀತಿ ಸರಿಯಾಗಿ ಕಾಣುತ್ತದೆ. 2019ರ ಆಂಡ್ರಾಯ್ಡ್ 10ಕ್ಕಿಂತ ಮೊದಲು, ಲಾಕ್ ಆಗಿದ್ದ ಫೋನ್ ನಂಬಿದ ಜಾಗಕ್ಕೆ ಬಂದರೆ ತಾನೇ ತೆರೆದುಕೊಳ್ಳುತ್ತಿತ್ತು. ಈಗ ಹಾಗಿಲ್ಲ. ಮೊದಲ ಸಲ ನೀವೇ ಪ್ಯಾಟರ್ನ್ ಎಳೆದೋ ಬೆರಳಿಟ್ಟೋ ತೆರೆಯಬೇಕು. ಆಮೇಲೆ ಆ ಜಾಗದಲ್ಲಿ ಇರುವಷ್ಟು ಹೊತ್ತು, ಅಥವಾ ಆ ಬ್ಲೂಟೂತ್ ಸಾಧನ ಜೋಡಿಕೊಂಡಿರುವಷ್ಟು ಹೊತ್ತು, ಫೋನ್ ಲಾಕ್ ಬೀಳದಂತೆ ಹಿಡಿದಿಡುತ್ತದೆ. ಪರದೆ ಆರಿದರೂ ಕೀಲಿ ಬಿದ್ದಿರುವುದಿಲ್ಲ, ಬಾಗಿಲು ಬರೀ ಒರಗಿಸಿದ ಹಾಗೆ ಇರುತ್ತದೆ. ನಾಲ್ಕು ಗಂಟೆ ಯಾರೂ ಮುಟ್ಟದಿದ್ದರೆ, ಅಥವಾ ಫೋನ್ ಆಫ್ ಮಾಡಿ ಆನ್ ಮಾಡಿದರೆ, ಮತ್ತೆ ಪ್ಯಾಟರ್ನ್ ಕೇಳುತ್ತದೆ.

"ನಾಲ್ಕು ಗಂಟೆ ಮಿತಿ ಇದೆಯಲ್ಲ" ಎಂದು ಬಹಳ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಆದರೆ ಆ ಲೆಕ್ಕ ಶುರುವಾಗುವುದು ಫೋನನ್ನು ಕೊನೆಯದಾಗಿ ಬಳಸಿದ ಹೊತ್ತಿನಿಂದ. ಅಂಗಡಿಯಲ್ಲಿ ನೀವು ಹತ್ತು ನಿಮಿಷಕ್ಕೊಮ್ಮೆ ಹಣ ಬಂತೋ ಎಂದು ನೋಡುತ್ತೀರಿ, ವಾಟ್ಸ್‌ಆ್ಯಪ್‌ನಲ್ಲಿ ಸೀರೆ ಫೋಟೊ ಕಳಿಸುತ್ತೀರಿ. ಬೆಳಿಗ್ಗೆ ಕದ ತೆರೆದಾಗ ಒಮ್ಮೆ ಎಳೆದ ಪ್ಯಾಟರ್ನ್ ರಾತ್ರಿ ಷಟರ್ ಎಳೆಯುವವರೆಗೂ ನಡೆಯುತ್ತದೆ. ನಿಮ್ಮ ಮಟ್ಟಿಗೆ ಆ ಮಿತಿ ಇದ್ದೂ ಇಲ್ಲದ ಹಾಗೆ.

ಈಗ ಜಾಗದ ವಿಷಯ. ಟ್ರಸ್ಟೆಡ್ ಪ್ಲೇಸ್ ಎಂದರೆ ನಿಮ್ಮ ನಾಲ್ಕು ಗೋಡೆ ಎಂದು ಮಗ ತಿಳಿದಿರಬಹುದು. ಫೋನಿಗೆ ಗೋಡೆ ಗೊತ್ತಿಲ್ಲ. ಜಿಪಿಎಸ್, ಸುತ್ತಮುತ್ತಲಿನ ವೈಫೈ, ಮೊಬೈಲ್ ಟವರ್ ಇವನ್ನೆಲ್ಲ ಸೇರಿಸಿ "ಸುಮಾರು ಇಲ್ಲೆಲ್ಲೋ ಇದ್ದೀನಿ" ಎಂದು ಅಂದಾಜು ಮಾಡುತ್ತದೆ. ನಂಬಿದ ಜಾಗದ ವ್ಯಾಪ್ತಿ ಸುತ್ತಲೂ 80 ಮೀಟರ್‌ವರೆಗೆ ಹೋಗಬಹುದು ಎಂದು ಗೂಗಲ್ ತಾನೇ ಹೇಳುತ್ತದೆ. ಮಂಡಿಪೇಟೆಯಲ್ಲಿ ಒತ್ತೊತ್ತಾಗಿ ನಿಂತ ಅಂಗಡಿಗಳ ಮುಂದೆ 80 ಮೀಟರ್ ನಡೆದು ನೋಡಿ. ನಿಮ್ಮ ಅಂಗಡಿ, ಎಡಬಲದ ಎಷ್ಟೋ ಅಂಗಡಿ, ಎದುರು ಸಾಲು, ಬೈಕ್ ನಿಲ್ಲಿಸುವ ಜಾಗ, ತಿರುವಿನ ಟೀ ಅಂಗಡಿ ಎಲ್ಲವೂ ಅದರೊಳಗೆ ಬರುತ್ತವೆ. ಪಿ.ಜೆ. ಬಡಾವಣೆಯ ಒಂಟಿ ಮನೆಯಲ್ಲಿ ಅದೇ 80 ಮೀಟರ್ ಹೆಚ್ಚೆಂದರೆ ಅಕ್ಕಪಕ್ಕದ ಕಾಂಪೌಂಡು. ಹೊನ್ನಾಳಿ ಕಡೆಯ ತೋಟದ ಮನೆಯಲ್ಲಾದರೆ ಅಷ್ಟೂ ನಿಮ್ಮದೇ ಅಡಿಕೆ ಸಾಲು. ಒಂದೇ ಸೌಲಭ್ಯ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಬೇಡ ಎಂದು ನಾನು ಹೇಳುವುದು ಇದಕ್ಕೇ. ಮೇಲ್ಗಡೆ ಮನೆಯನ್ನು ಮಾತ್ರ ನಂಬು, ಕೆಳಗಿನ ಅಂಗಡಿಯನ್ನು ಬಿಡು ಎಂದು ಹೇಳುವ ದಾರಿಯೂ ಇಲ್ಲ. ನಕ್ಷೆಯಲ್ಲಿ ಎರಡೂ ಒಂದೇ ಚುಕ್ಕಿ.

ಮದುವೆ ಸೀಸನ್, ಬೆಳಿಗ್ಗೆ 11 ಗಂಟೆ ಎಂದಿಟ್ಟುಕೊಳ್ಳಿ. ಮೂರ್ನಾಲ್ಕು ಜನ ಒಟ್ಟಿಗೆ ಬಂದು ಸೀರೆ ಬಿಡಿಸಿ ತೋರಿಸಿ ಅನ್ನುತ್ತಾರೆ. ನೀವು ಫೋನನ್ನು ಗಲ್ಲಾ ಮೇಲೆ, ಬಿಲ್ ಪುಸ್ತಕದ ಪಕ್ಕ ಇಟ್ಟು ಅತ್ತ ತಿರುಗುತ್ತೀರಿ. ಅರ್ಧ ನಿಮಿಷಕ್ಕೆ ಪರದೆ ಆರುತ್ತದೆ. ಒಬ್ಬ ಫೋನ್ ಎತ್ತಿಕೊಂಡು ಬೀದಿಗೆ ಇಳಿಯುತ್ತಾನೆ. ನಡೆಯುತ್ತಲೇ ಪವರ್ ಬಟನ್ ಒತ್ತಿ ಬೆರಳು ಸವರುತ್ತಾನೆ. ಪ್ಯಾಟರ್ನ್ ಕೇಳುವುದೇ ಇಲ್ಲ, ನಿಮ್ಮ ಪರದೆ ಬಂದೇಬಿಟ್ಟಿತು. ಕಾರಣ, ಅವನಿನ್ನೂ ನಿಮ್ಮ "ಮನೆ"ಯೊಳಗೇ ಇದ್ದಾನೆ. ಕಳ್ಳತನ ಆಗುವ ಜಾಗವೇ ನೀವು ನಂಬಿದ ಜಾಗ ಆದಾಗ ಜಾಗದ ಕಾವಲು ಕೆಲಸಕ್ಕೆ ಬರುವುದಿಲ್ಲ.

ಇನ್ನು ಅವನು 80 ಮೀಟರ್ ದಾಟಿದ ಮೇಲೆ? ಪರದೆ ಆರಿಸಿ ಜೇಬಿಗೆ ಹಾಕಿಕೊಂಡಿದ್ದರೆ ಲಾಕ್ ಬೀಳುತ್ತದೆ. ಮತ್ತೆ ಹತ್ತಿರ ಬಂದರೂ ತೆರೆಯುವುದಿಲ್ಲ. ಮಗ ಹೇಳಿದ್ದರಲ್ಲಿ ನಿಜ ಇರುವುದು ಇಷ್ಟು. ಆದರೆ ಪರದೆ ಉರಿಯುತ್ತಿರುವಾಗ, ಕೈಯಲ್ಲಿ ಬಳಸುತ್ತಿರುವಾಗ, ವ್ಯಾಪ್ತಿ ದಾಟಿದ ಕ್ಷಣಕ್ಕೇ ಫೋನ್ ಮುಚ್ಚಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ಪಳಗಿದ ಕಳ್ಳ ಮೊದಲು ಮಾಡುವ ಕೆಲಸ ಪರದೆ ಆರದಂತೆ ನೋಡಿಕೊಳ್ಳುವುದು. ಪರದೆ ಎಷ್ಟು ಹೊತ್ತಿಗೆ ಆರಬೇಕು ಎಂಬ ಸೆಟ್ಟಿಂಗ್ ಬದಲಿಸಲು ಪ್ಯಾಟರ್ನ್ ಬೇಕಿಲ್ಲ.

ನೆಕ್‌ಬ್ಯಾಂಡ್‌ದು ಇನ್ನೊಂದು ಕಥೆ. ಅದು ನಿಮ್ಮ ಕುತ್ತಿಗೆಯಲ್ಲಿದೆ, ಫೋನ್ ಕಳ್ಳನ ಕೈಯಲ್ಲಿದೆ, ನಡುವೆ ಬ್ಲೂಟೂತ್ ಇನ್ನೂ ಜೋಡಿಕೊಂಡಿದೆ. ಬ್ಲೂಟೂತ್ ಎಂದರೆ ಹತ್ತು ಮೀಟರ್ ಎಂದು ಬಹಳ ಜನ ತಿಳಿದಿದ್ದಾರೆ. ಫೋನ್, ಸಾಧನ, ನಡುವಿನ ಗೋಡೆ ಇವುಗಳ ಮೇಲೆ ಅದು ಹೋಗುತ್ತದೆ. 100 ಮೀಟರ್‌ವರೆಗೂ ಹಿಡಿಯಬಹುದು ಎಂದು ಗೂಗಲ್ ಎಚ್ಚರಿಸುತ್ತದೆ. ಅಂಗಡಿಯೊಳಗೆ, ಸೀರೆ ಕಪಾಟುಗಳ ನಡುವೆ, ಅಷ್ಟು ದೂರ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ ಕಳ್ಳ ಎದುರು ಸಾಲಿಗೆ ಹೋಗಿ ನಿಂತು ನೋಡುವಷ್ಟಂತೂ ಸಿಗುತ್ತದೆ. ಬಸ್ಸಿನ ಸನ್ನಿವೇಶ ಇದಕ್ಕಿಂತ ಕೆಟ್ಟದ್ದು. ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ನೆಕ್‌ಬ್ಯಾಂಡ್ ಆನ್ ಮಾಡಿಟ್ಟೇ ಫೋನ್ ಜೊತೆ ಬ್ಯಾಗಿಗೆ ಹಾಕಿದಿರಿ, ಬ್ಯಾಗೇ ಹೋಯಿತು ಎಂದುಕೊಳ್ಳಿ. ಬೀಗದ ಜೊತೆ ಕೀಲಿಯನ್ನೂ ಕಟ್ಟಿ ಕೊಟ್ಟ ಹಾಗೆ. ಆಗ ಕಳ್ಳ ಎಷ್ಟು ದೂರ ಹೋದರೂ ಫೋನ್ ತೆರೆದೇ ಇರುತ್ತದೆ. ಕೈಗಡಿಯಾರಕ್ಕೆ ಆ ತೊಂದರೆ ಕಡಿಮೆ, ಅದು ಕೈ ಬಿಟ್ಟು ಹೋಗುವುದಿಲ್ಲ. ಆದರೆ ಗಲ್ಲಾ ಮೇಲಿಂದ ಫೋನ್ ಎತ್ತುವ ಕಳ್ಳನಿಗೆ ಗಡಿಯಾರವೂ ನೆಕ್‌ಬ್ಯಾಂಡೂ ಒಂದೇ.

ಟ್ರಸ್ಟೆಡ್ ಡಿವೈಸ್ ಆಗಿ ನನಗೆ ಒಪ್ಪಿಗೆಯಾಗುವುದು ಸ್ವಂತ ಕಾರಿನ ಬ್ಲೂಟೂತ್ ಮಾತ್ರ. ಓಡಿಸುವಾಗ ನಕ್ಷೆ ನೋಡಲು ಪ್ಯಾಟರ್ನ್ ಎಳೆಯುವ ಅಪಾಯ ತಪ್ಪುತ್ತದೆ. ಗಾಡಿ ಆಫ್ ಮಾಡಿದರೆ ಬ್ಲೂಟೂತ್ ಕಡಿಯುತ್ತದೆ, ಫೋನ್ ಲಾಕ್ ಆಗುತ್ತದೆ. ನೀವು ಇಳಿದ ಮೇಲೆ ತಾನೂ ಆರಿಹೋಗುವ ಸಾಧನ ಅದು.

ಇದೇ ಪಟ್ಟಿಯಲ್ಲಿ ಮೂರನೆಯದೊಂದು ಇದೆ, On-body detection. ಫೋನ್ ಮೈಮೇಲೆ ಇರುವಷ್ಟು ಹೊತ್ತು ಲಾಕ್ ಹಾಕದಿರುವುದು ಅದರ ಕೆಲಸ. ಯಾರ ಮೈ ಎಂಬುದು ಅದಕ್ಕೆ ತಿಳಿಯದು. ಮಗ ಅದನ್ನೂ ಆನ್ ಮಾಡಿದ್ದರೆ ಇವತ್ತೇ ಆಫ್ ಮಾಡಿ.

ಬ್ಯಾಂಕ್ ಖಾತೆಯ ವಿಷಯ. ರಿಪೇರಿಯವರು ಹೆದರಿಸಿದ್ದು ಇಲ್ಲಿ, ನಿಜವಾದ ತೂತು ಇರುವುದು ಇನ್ನೊಂದು ಕಡೆ. ನಿಮ್ಮ ಬ್ಯಾಂಕ್ ಆ್ಯಪ್ ಅಥವಾ ಯುಪಿಐ ಆ್ಯಪ್ ತೆರೆಯುವಾಗ ಬೆರಳನ್ನೋ ಫೋನಿನ ಲಾಕನ್ನೋ ಕೇಳುತ್ತದೆಯಲ್ಲ, ಆ ಕೇಳುವಿಕೆಗೆ ಸ್ಮಾರ್ಟ್ ಲಾಕ್ ಉತ್ತರವಾಗುವುದಿಲ್ಲ. ಜಾಗ ನಂಬಿದ್ದಾದರೂ ಆ್ಯಪ್ ಪ್ಯಾಟರ್ನ್ ಕೇಳಿಯೇ ಕೇಳುತ್ತದೆ. ಹಣ ಕಳಿಸಲು ಮೇಲಿಂದ ಯುಪಿಐ ಪಿನ್ ಬೇರೆ ಬೇಕು. ಯುಪಿಐ ಲೈಟ್ ಹಾಕಿಕೊಂಡಿದ್ದರೆ ಅದಕ್ಕೆ ಪಿನ್ ಬೇಡ. ಆದರೆ ಅದರಲ್ಲಿ ಒಂದು ಸಲಕ್ಕೆ 1,000 ರೂಪಾಯಿ, ಒಟ್ಟು ಇಟ್ಟುಕೊಳ್ಳಬಹುದಾದದ್ದು 5,000 ರೂಪಾಯಿ. ನಷ್ಟ ಆದರೂ ಅಷ್ಟಕ್ಕೇ ನಿಲ್ಲುತ್ತದೆ.

ಹಾಗಾದರೆ ತೆರೆದ ಫೋನಿನಿಂದ ಏನು ಹೋಗುತ್ತದೆ? ಎಸ್‌ಎಂಎಸ್, ಗ್ಯಾಲರಿ, ವಾಟ್ಸ್‌ಆ್ಯಪ್, ಇಮೇಲ್. ಇವಕ್ಕೆ ಸಾಮಾನ್ಯವಾಗಿ ಯಾರೂ ಬೇರೆ ಬೀಗ ಹಾಕಿರುವುದಿಲ್ಲ. ಯುಪಿಐ ಪಿನ್ ಮರೆತವರು ಹೊಸದು ಇಡಬೇಕಾದರೆ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು ವರ್ಷ, ಮತ್ತೆ ಫೋನಿಗೆ ಬರುವ ಒಟಿಪಿ ಬೇಕು. ಕಾರ್ಡ್ ಬದಲು ಆಧಾರ್ ಮೂಲಕ ಇಡುವ ದಾರಿಯೂ ಇದೆ, ಅದಕ್ಕೆ ಆಧಾರ್ ಅಂಕಿ ಮತ್ತು ಒಟಿಪಿ ಸಾಕು. ಕಳ್ಳನ ಕೈಯಲ್ಲಿ ನಿಮ್ಮ ಸಿಮ್ ಇದೆ, ತೆರೆದ ಎಸ್‌ಎಂಎಸ್ ಇದೆ. ಅವನಿಗೆ ಕಡಿಮೆ ಇರುವುದು ಕಾರ್ಡಿನ ಅಂಕಿ ಮಾತ್ರ. ನನ್ನ ಮೇಜಿಗೆ ಬರುವ ಎಷ್ಟೋ ಫೋನ್‌ಗಳಲ್ಲಿ ಅದೂ ಸಿಗುತ್ತದೆ. ಆಧಾರ್ ಕಾರ್ಡಿನ ಫೋಟೊ, ಡೆಬಿಟ್ ಕಾರ್ಡಿನ ಎರಡೂ ಬದಿಯ ಫೋಟೊ, "ಮಗನಿಗೆ ಕಳಿಸಿದ್ದು" ಎಂದು ವಾಟ್ಸ್‌ಆ್ಯಪ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಖಾತೆ ಖಾಲಿಯಾಗುವುದಾದರೆ ಈ ದಾರಿಯಲ್ಲಿ. ಹಾಗಾಗಿ ಸ್ಮಾರ್ಟ್ ಲಾಕ್ ತೆಗೆಯುವ ಮೊದಲೇ, ಇವತ್ತು ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ, ಗ್ಯಾಲರಿ ತೆರೆದು ಆ ಫೋಟೊಗಳನ್ನು ಅಳಿಸಿ. ಅಳಿಸಿದವು ಕೆಲವು ದಿನ ಕಸದ ಬುಟ್ಟಿಯಲ್ಲಿ ಉಳಿಯುತ್ತವೆ, ಅದನ್ನೂ ಖಾಲಿ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಮಗನ ಚಾಟ್ ತೆರೆದು, ಮೇಲಿನ ಹೆಸರು ಒತ್ತಿ, ಕಳಿಸಿದ ಫೋಟೊಗಳನ್ನು ಒಮ್ಮೆ ಸವರಿ ನೋಡಿ.

ನನ್ನ ಮಾತನ್ನೂ ಬರೀ ನಂಬಬೇಡಿ, ನಿಮ್ಮ ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಭಾನುವಾರ ಬೀದಿ ಖಾಲಿ ಇರುವಾಗ ಮೊದಲು ನೆಕ್‌ಬ್ಯಾಂಡ್ ಆಫ್ ಮಾಡಿ, ಇಲ್ಲವಾದರೆ ಯಾವುದು ಹಿಡಿದಿಟ್ಟಿದೆ ಎಂದು ಗೊತ್ತಾಗುವುದಿಲ್ಲ. ಗಲ್ಲಾ ಹತ್ತಿರ ಫೋನ್ ತೆರೆದು, ಪರದೆ ಆರಿಸಿ, ಕೈಯಲ್ಲಿ ಹಿಡಿದು ಬೀದಿಗುಂಟ ನಡೆಯಿರಿ. ಇಪ್ಪತ್ತು ಹೆಜ್ಜೆಗೊಮ್ಮೆ ಪರದೆ ಆನ್ ಮಾಡಿ ಸವರಿ ನೋಡಿ, ಮತ್ತೆ ಆರಿಸಿ ಮುಂದೆ ಹೋಗಿ. ಪವರ್ ಬಟನ್‌ನಲ್ಲೇ ಬೆರಳಚ್ಚು ಓದುವ ಫೋನ್ ಆಗಿದ್ದರೆ ಬೆರಳ ಗೆಣ್ಣಿನಿಂದ ಒತ್ತಿ, ಇಲ್ಲವಾದರೆ ನಿಮ್ಮ ಬೆರಳೇ ತೆರೆದುಬಿಡುತ್ತದೆ, ಪರೀಕ್ಷೆ ಕೆಡುತ್ತದೆ. ಮೊದಲ ಬಾರಿಗೆ ಪ್ಯಾಟರ್ನ್ ಎಲ್ಲಿ ಕೇಳಿತು ಎಂದು ಗುರುತು ಇಟ್ಟುಕೊಳ್ಳಿ. ಇನ್ನೊಂದು ದಿನ ಹೀಗೇ ಮಾಡಿದರೆ ಬೇರೆ ಜಾಗದಲ್ಲಿ ಕೇಳಬಹುದು. ಕಟ್ಟಡಗಳ ನಡುವೆ ಜಿಪಿಎಸ್ ತಡವರಿಸುತ್ತದೆ, ಸ್ಥಳದ ಅಂದಾಜು ತಡವಾಗಿ ಬದಲಾಗುತ್ತದೆ. ಆಮೇಲೆ ನೆಕ್‌ಬ್ಯಾಂಡನ್ನು ಅಂಗಡಿಯಲ್ಲಿ ಆನ್ ಇಟ್ಟು, ಟ್ರಸ್ಟೆಡ್ ಪ್ಲೇಸ್ ಆಫ್ ಮಾಡಿ, ಮತ್ತೊಮ್ಮೆ ನಡೆಯಿರಿ. ಈ ಪರೀಕ್ಷೆಗೆ ಮಗನನ್ನೂ ಕರೆದುಕೊಂಡು ಹೋಗಿ. ವಾದ ಅಲ್ಲಿಗೇ ಮುಗಿಯುತ್ತದೆ.

ತೆಗೆಯುವುದು ಸುಲಭ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಪಟ್ಟಿಯಲ್ಲಿ Extend Unlock ಎಂದು ಬರೆಯಿರಿ, ಬರದಿದ್ದರೆ Smart Lock ಎಂದು ಬರೆಯಿರಿ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇರುತ್ತದೆ, ಹುಡುಕುವುದೇ ವಾಸಿ. ಒಳಗೆ ಹೋಗಲು ನಿಮ್ಮ ಪ್ಯಾಟರ್ನ್ ಕೇಳುತ್ತದೆ. ಅದು ಒಳ್ಳೆಯದು, ಕಳ್ಳ ಹೊಸದಾಗಿ ತನ್ನ ಜಾಗವನ್ನು ಸೇರಿಸಲಾರ. Trusted places ನಲ್ಲಿ Home ಆಫ್ ಮಾಡಿ, Trusted devices ನಲ್ಲಿ ನೆಕ್‌ಬ್ಯಾಂಡ್ ತೆಗೆಯಿರಿ. ಹಾಡು ಕೇಳಲು, ಕರೆ ಮಾಡಲು ಅದಕ್ಕೇನೂ ಆಗುವುದಿಲ್ಲ, ಜೋಡಣೆ ಹಾಗೇ ಇರುತ್ತದೆ.

ಆದರೆ ಮಗ ಇದನ್ನು ಹಾಕಿಕೊಟ್ಟ ಕಾರಣ ಸುಳ್ಳಲ್ಲ. ಗಿರಾಕಿಗಳ ಎದುರು ದಿನಕ್ಕೆ ನೂರು ಸಲ ಪ್ಯಾಟರ್ನ್ ಎಳೆದರೆ ನೋಡುವವರಿಗೆ ಅದು ಬಾಯಿಪಾಠ ಆಗುತ್ತದೆ. ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಬೆರಳಿನ ಜಿಡ್ಡಿನ ಗೆರೆಯೇ ಪ್ಯಾಟರ್ನ್ ತೋರಿಸುತ್ತದೆ. ಪ್ಯಾಟರ್ನ್ ತಿಳಿದ ಕಳ್ಳ ಸ್ಮಾರ್ಟ್ ಲಾಕ್‌ಗಿಂತ ದೊಡ್ಡ ಅಪಾಯ, ಏಕೆಂದರೆ ಅದರಿಂದ ಆ್ಯಪ್‌ಗಳ ಬೀಗವೂ ತೆರೆಯುತ್ತದೆ. ಅದಕ್ಕೇ ನನ್ನ ಸಲಹೆ: ಪ್ಯಾಟರ್ನ್ ತೆಗೆದು ಆರಂಕಿಯ ಪಿನ್ ಇಡಿ, ದಿನದ ಬಳಕೆಗೆ ಬೆರಳಚ್ಚು ಇರಲಿ. ಎರಡೂ ಕೈಯ ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ. ಸೀರೆ ಮಡಚುವ ಕೈಗಳಲ್ಲಿ ಬೆರಳ ತುದಿ ಒಣಗಿ ಸವೆದಿರುತ್ತದೆ, ಓದಲು ತಕರಾರು ಮಾಡುತ್ತದೆ. ಹೆಚ್ಚು ಬಳಸುವ ಬೆರಳನ್ನು ಎರಡು ಸಲ ಸೇರಿಸಿದರೆ ಆ ತೊಂದರೆ ಬಹುತೇಕ ಹೋಗುತ್ತದೆ. ಬೆರಳಿಡಲು ಒಂದು ಕ್ಷಣ ಸಾಕು, ಸ್ಮಾರ್ಟ್ ಲಾಕ್ ಇಲ್ಲ ಎಂದು ಅನ್ನಿಸುವುದೇ ಇಲ್ಲ.

ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ Theft protection ಎಂದು ಹುಡುಕಿ. ಆಂಡ್ರಾಯ್ಡ್ 10 ಮತ್ತು ಅದರ ಮೇಲಿನ ಫೋನ್‌ಗಳಿಗೆ ಇದು 2024ರಿಂದ ಬರುತ್ತಿದೆ. Theft Detection Lock ಎಂಬುದು ಫೋನ್ ಕಿತ್ತುಕೊಂಡು ಓಡಿದ ಜರ್ಕನ್ನು ಗುರುತಿಸಿ ಲಾಕ್ ಹಾಕುತ್ತದೆ. ಗಾಂಧಿ ಸರ್ಕಲ್‌ನಲ್ಲಿ ಬೈಕಿನವನು ಕಿತ್ತುಕೊಂಡರೆ ಉಪಯೋಗ, ಗಲ್ಲಾ ಮೇಲಿಂದ ಮೆಲ್ಲಗೆ ಎತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ. ನಿಮಗೆ ಹೆಚ್ಚು ಬೇಕಾದ್ದು Offline Device Lock. ಯಾರೂ ಹಿಂದಿನಿಂದ ಹುಡುಕದಿರಲಿ ಎಂದು ಕಳ್ಳ ಇಂಟರ್ನೆಟ್ ಕಡಿದರೆ, ಸ್ವಲ್ಪ ಹೊತ್ತಿಗೆ ಫೋನ್ ತಾನೇ ಲಾಕ್ ಆಗುತ್ತದೆ. ಮೂರನೆಯದು ದೂರದಿಂದ ಲಾಕ್ ಹಾಕುವ Remote Lock, ಅದನ್ನೂ ಆನ್ ಮಾಡಿ. ಕಳೆದ ಮೇಲೆ ಆನ್ ಮಾಡಲು ಬರುವುದಿಲ್ಲ.

ಒಂದು ಗೊಂದಲ ಈಗಲೇ ಬಿಡಿಸಿಬಿಡುತ್ತೇನೆ, ಮಗ ಮುಂದೆ ಕೇಳಬಹುದು. ಹೊಸ ಕೆಲವು ಫೋನ್‌ಗಳಲ್ಲಿ Identity Check ಎಂಬುದಿದೆ, ಅಲ್ಲೂ ಟ್ರಸ್ಟೆಡ್ ಪ್ಲೇಸ್ ಎಂಬ ಮಾತೇ ಬರುತ್ತದೆ. ಅಲ್ಲಿ ಅರ್ಥ ಬೇರೆ. ನಂಬಿದ ಜಾಗದ ಹೊರಗೆ ಪಾಸ್‌ವರ್ಡ್‌ನಂಥ ಮುಖ್ಯ ಸೆಟ್ಟಿಂಗ್ ಬದಲಿಸಬೇಕಾದರೆ ಪಿನ್ ಸಾಲದು, ಬೆರಳೋ ಮುಖವೋ ಬೇಕು ಎಂದು ಅದು ಹಟ ಹಿಡಿಯುತ್ತದೆ. ಇದನ್ನು ಆನ್ ಮಾಡಿ, ಆದರೆ ಅಂಗಡಿಯಿರುವ ಕಟ್ಟಡವನ್ನು ಅದರ ನಂಬಿದ ಜಾಗಗಳಿಗೆ ಸೇರಿಸಬೇಡಿ. ಸೇರಿಸಿದರೆ ಕಳ್ಳನಿಗೆ ಬೇಕಾದ ಜಾಗದಲ್ಲೇ ಹಟ ಬಿಟ್ಟ ಹಾಗಾಗುತ್ತದೆ.

ಫೋನ್ ಹೋಯಿತು ಎಂದು ಗೊತ್ತಾದ ಆ ಹತ್ತು ನಿಮಿಷದಲ್ಲಿ ಯಾವುದು ಮೊದಲು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಗಾಬರಿಯಲ್ಲಿ ಮೊದಲು ಸಿಮ್ ಬಂದ್ ಮಾಡಿಸಿಬಿಡುತ್ತಾರೆ. ಸಿಮ್ ಬಂದ್ ಆದರೆ ಒಟಿಪಿ ನಿಲ್ಲುತ್ತದೆ, ಸರಿ. ಆದರೆ ಇಂಟರ್ನೆಟ್ಟೂ ನಿಲ್ಲುತ್ತದೆ, ದೂರದಿಂದ ಲಾಕ್ ಹಾಕುವ ಆಜ್ಞೆ ಫೋನಿಗೆ ತಲುಪುವುದೇ ಇಲ್ಲ. ಅದಕ್ಕೇ ಮೊದಲು ಪಕ್ಕದವರ ಫೋನಿನಲ್ಲಿ android.com/lock ತೆರೆದು ನಿಮ್ಮ ನಂಬರ್ ಹಾಕಿ ಲಾಕ್ ಮಾಡಿ. ಒಂದೆರಡು ನಿಮಿಷದ ಕೆಲಸ ಅದು. ಅಷ್ಟರಲ್ಲಿ ಆಗದಿದ್ದರೆ ಕಾಯಬೇಡಿ, ಸಿಮ್ ಕಂಪನಿಗೆ ಫೋನ್ ಮಾಡಿ ಸಿಮ್ ಬಂದ್ ಮಾಡಿಸಿ. ಆಮೇಲೆ ಬ್ಯಾಂಕಿಗೆ ಹೇಳಿ ಕಾರ್ಡ್, ಯುಪಿಐ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಅಲ್ಲಿ ಸಾಧ್ಯತೆ ಇರುತ್ತದೆ.

ಆಮೇಲೆ ಠಾಣೆಗೆ ಹೋಗಿ ದೂರು ಕೊಡಿ. ಆ ದೂರಿನ ಪ್ರತಿ ಇಟ್ಟುಕೊಂಡು ಸಂಚಾರ್ ಸಾಥಿ ಜಾಲತಾಣ sancharsaathi.gov.in ನಲ್ಲಿ ಫೋನಿನ ಗುರುತಿನ ಅಂಕಿಯಾದ ಐಎಂಇಐ ಬ್ಲಾಕ್ ಮಾಡಿಸಬಹುದು. ಬ್ಲಾಕ್ ಆದ ಫೋನ್ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಹಿಡಿಯುವುದಿಲ್ಲ. ಒಳಗಿನ ಫೋಟೊ, ಮೆಸೇಜ್‌ಗಳನ್ನು ಅದು ಅಳಿಸುವುದಿಲ್ಲ, ವೈಫೈ ಸಹ ನಿಲ್ಲಿಸುವುದಿಲ್ಲ, ಹಾಗಾಗಿ ಇದು ಕೊನೆಯ ಕೆಲಸ. ಅರ್ಜಿಗೆ ಐಎಂಇಐ ಅಂಕಿ ಬೇಕು, ಫೋನ್ ಹೋದ ಮೇಲೆ ಅದನ್ನು ಹುಡುಕುತ್ತಾ ಡಬ್ಬಿ ಎಲ್ಲಿ ಎಂದು ಮನೆಯೆಲ್ಲ ತಡಕಾಡಬೇಕಾಗುತ್ತದೆ. ಕರೆ ಮಾಡುವ ಪರದೆಯಲ್ಲಿ ಇದನ್ನು ಒತ್ತಿ:

```
*#06#
```

ಬರುವ 15 ಅಂಕಿಯನ್ನು, ಎರಡು ಸಿಮ್ ಫೋನಾದರೆ ಎರಡನ್ನೂ, ಗಲ್ಲಾದ ಲೆಕ್ಕದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಡಿ. ಸಿಮ್ ಕಂಪನಿಯ ಮತ್ತು ಬ್ಯಾಂಕಿನ ಸಹಾಯವಾಣಿ ನಂಬರ್ ಅದರ ಕೆಳಗೇ ಇರಲಿ.